ಶೇಂಗಾ ಉಸಿರ್ನಾಳಕ್ಕೆ ಹೋಗಿರಬಹುದು ಅಂತಾರೆ, ಎಕ್ಸ್‌ರೇ ನಾರ್ಮಲ್. ಆದ್ರೂ ಬ್ರಾಂಕೋಸ್ಕೋಪಿ ಬೇಕೇ ಬೇಕಾ?

ವೇದಾವತಿ ತೀರ (ಚಳ್ಳಕೆರೆ)

ನಮ್ಮ ಅಕ್ಕನ ಮಗ, 1 ವರ್ಷ 8 ತಿಂಗಳು, 11 ಕೆಜಿ. ಭಾನುವಾರ ಸಂಜೆ ಅವನ ಅಣ್ಣ ಹುರಿದ ಶೇಂಗಾ ತಿಂತಾ ಕೂತಿದ್ದ. ಇವನೂ ತಟ್ಟೆಯಿಂದ ಬಾಚಿ ಬಾಯಿಗೆ ತುಂಬ್ಕೊಂಡು ಓಡಿದಾನೆ, ಹೊಸ್ತಿಲಿಗೆ ಎಡವಿ ಬಿದ್ದು ಅಳೋಕೆ ಬಾಯಿ ತೆಗೆದ. ಅಳು ಬರಲಿಲ್ಲ, ಒಂದೇ ಸಮನೆ ಕೆಮ್ಮು. ಮುಖ ಕೆಂಪಾಗಿ ತುಟಿ ಕಪ್ಪಿಟ್ಟಿತು. ಅಜ್ಜಿ ನೆತ್ತಿಗೆ ಹತ್ತಿದೆ ಅಂತ ತಲೆ ತಟ್ಟಿ ನೀರು ಕುಡಿಸಿದ್ರು. ಐದಾರು ನಿಮಿಷಕ್ಕೆ ಸರಿಹೋದ, ರಾತ್ರಿ ಹಾಲು ಕುಡಿದು ಮಲಗಿದ.

ಸೋಮವಾರ ಒಣ ಕೆಮ್ಮು. ಇಲ್ಲೇ ಕ್ಲಿನಿಕ್‌ನಲ್ಲಿ ನೆಬ್ಯುಲೈಸ್ ಮಾಡಿ ಸಿರಪ್ ಬರೆದುಕೊಟ್ರು. ಇವತ್ತು ಮಂಗಳವಾರ ದುರ್ಗದಲ್ಲಿ ಮಕ್ಕಳ ಡಾಕ್ಟ್ರಿಗೆ ತೋರಿಸಿದ್ವಿ. ಎಕ್ಸ್‌ರೇ ನಾರ್ಮಲ್, ಆಕ್ಸಿಜನ್ 97. ಆದ್ರೆ ಅವರು ಸ್ಟೆತಸ್ಕೋಪ್ ಇಟ್ಟು ತುಂಬಾ ಹೊತ್ತು ಕೇಳಿ, ಎಡಗಡೆ ಗಾಳಿ ಕಡಿಮೆ ಹೋಗ್ತಿದೆ, ಇವತ್ತೇ ದಾವಣಗೆರೆಗೆ ಹೋಗಿ ಬ್ರಾಂಕೋಸ್ಕೋಪಿ ಮಾಡಿಸಿ, ಉಸಿರ್ನಾಳಕ್ಕೆ ಕೊಳವೆ ಇಳಿಸಿ ಒಳಗೆ ನೋಡಬೇಕು ಅಂತ ಬರೆದಿದಾರೆ. ಹುಡುಗ ನೋಡಿದ್ರೆ ಆಟ ಆಡ್ತಿದಾನೆ. ಇಷ್ಟು ಸಣ್ಣ ಮಗೀಗೆ ಅನಸ್ತೇಷಿಯಾ ಯಾಕೆ ಅಂತ ಮನೇಲಿ ಎಲ್ರೂ ಬೇಡ ಅಂತಿದಾರೆ. ನಾಲ್ಕು ದಿನ ಕಾದು ನೋಡಬಹುದಾ? ಗೊತ್ತಿರೋರು ಹೇಳಿ.

ಏಳುಸುತ್ತಿನ ಕೋಟೆ

ಗಾಬರಿ ಆಗ್ಬೇಡಿ ಅಣ್ಣ. ನಮ್ಮ ಮಗಳು 2 ವರ್ಷ ಇದ್ದಾಗ ಒಂದು ರೂಪಾಯಿ ಕಾಯಿನ್ ನುಂಗಿದ್ಲು. ಎಕ್ಸ್‌ರೇಲಿ ಹೊಟ್ಟೆ ಒಳಗೆ ಕಾಣಿಸ್ತು, ಡಾಕ್ಟ್ರು ಕಾಯೋಣ ಅಂದ್ರು. ಬಾಳೆಹಣ್ಣು ತಿನ್ನಿಸ್ತಾ ಇದ್ವಿ, ಮೂರನೇ ದಿನ ಕಕ್ಕಸಲ್ಲಿ ಹೋಯ್ತು. ಶೇಂಗಾ ಅಂತೂ ತಿನ್ನೋ ವಸ್ತು, ತಾನೇ ಕರಗುತ್ತೆ.

ಅರಿವಳಿಕೆ ವೈದ್ಯೆ (ದಾವಣಗೆರೆ)

ಕೋಟೆ ಅವರೇ, ನಿಮ್ಮ ಮಗಳದ್ದು ಅನ್ನನಾಳದ ದಾರಿ. ಅಲ್ಲಿ ಹೋದದ್ದಕ್ಕೆ ಹೊಟ್ಟೆ ಇದೆ, ಕರುಳಿದೆ, ಹೊರಗೆ ಬರೋಕೆ ಬಾಗಿಲಿದೆ. ಈ ಮಗುವಿನದ್ದು ಉಸಿರಿನ ದಾರಿ. ಅದು ಕೆಳಗೆ ಹೋದಷ್ಟೂ ಕಿರಿದಾಗುತ್ತೆ, ಕೊನೆಯಲ್ಲಿ ದಾರಿಯೇ ಇಲ್ಲ. ಅಲ್ಲಿ ಜೀರ್ಣ ಮಾಡುವ ರಸವೂ ಇಲ್ಲ, ಹಾಗಾಗಿ ಶೇಂಗಾ ಕರಗಲ್ಲ. ತೇವ ಹೀರಿ ಊದುತ್ತೆ. ಅದರ ಎಣ್ಣೆ ಉಸಿರ್ನಾಳದ ಒಳಪದರವನ್ನು ಕೆರಳಿಸುತ್ತೆ, ಎರಡು ಮೂರು ದಿನದಲ್ಲಿ ಸುತ್ತಲಿನ ಗೋಡೆ ಬಾತು, ಬೀಜವನ್ನು ಇನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತೆ. ವಾರ ಕಳೆದರೆ ಬೀಜ ಮೆತ್ತಗಾಗಿ, ಹಿಡಿದ ಕೂಡಲೇ ಪುಡಿಯಾಗುತ್ತೆ. ಸುತ್ತ ಮಾಂಸ ಬೆಳೆದು ಮುಟ್ಟಿದರೆ ರಕ್ತ ಬರುತ್ತೆ. ಬಾಳೆಹಣ್ಣು, ಅನ್ನದ ಉಂಡೆ ಈಗ ಕೊಟ್ಟರೆ ಬೀಜಕ್ಕೆ ಅದು ತಾಗೋದೇ ಇಲ್ಲ, ಅನಸ್ತೇಷಿಯಾ ಕೊಡುವ ಹೊತ್ತಿಗೆ ಹೊಟ್ಟೆ ಮಾತ್ರ ತುಂಬಿರುತ್ತೆ.

ತೀರ ಅವರೇ, ನೀವು ಬರೆದ ಮೊದಲ ಪ್ಯಾರಾದಲ್ಲೇ ಉತ್ತರ ಇದೆ. ಬಾಯಲ್ಲಿ ಶೇಂಗಾ, ಬಿದ್ದು ಅಳಲು ಜೋರಾಗಿ ಉಸಿರು ಎಳೆದದ್ದು, ಆ ಕ್ಷಣಕ್ಕೇ ಕೆಮ್ಮು, ತುಟಿ ಕಪ್ಪು. ಎಕ್ಸ್‌ರೇಗಿಂತ ಈ ನಾಲ್ಕು ಮಾತಿಗೆ ನಾವು ಹೆಚ್ಚು ಬೆಲೆ ಕೊಡ್ತೀವಿ. ಆಮೇಲೆ ಮಗು ಸರಿಹೋದದ್ದು ಬೀಜ ಹೊರಗೆ ಬಂದಿದ್ದಕ್ಕೆ ಸಾಕ್ಷಿ ಅಲ್ಲ. ಧ್ವನಿಪೆಟ್ಟಿಗೆ ದಾಟುವಾಗ, ದೊಡ್ಡ ಉಸಿರ್ನಾಳದಲ್ಲಿ ಓಡಾಡುವಾಗ ಕೆಮ್ಮು ಕೆರಳುತ್ತೆ. ಬೀಜ ಒಂದು ಕವಲಿಗೆ ಇಳಿದು ಕಚ್ಚಿಕೊಂಡು ಕೂತರೆ ಕೆಮ್ಮು ತಣ್ಣಗಾಗುತ್ತೆ. ಇನ್ನೊಂದು ಶ್ವಾಸಕೋಶ ಪೂರಾ ಕೆಲಸ ಮಾಡ್ತಿರೋದರಿಂದ ಆಕ್ಸಿಜನ್ 97 ಇರುತ್ತೆ, ಮಗು ಆಟವೂ ಆಡುತ್ತೆ. ಈ ಸಮಾಧಾನದ ಗಂಟೆಗಳಲ್ಲೇ ಮನೆಯವರು ವಾಪಸ್ ಹೋಗಿಬಿಡೋದು.

ಹರಿಹರ ಮೆಡಿಕಲ್ಸ್

ಮೇಡಂ ಹೇಳಿದ್ದು ಸರಿ, ಕರಗಲ್ಲ. ಆದ್ರೆ ಇನ್ಫೆಕ್ಷನ್ ಆಗದಂಗೆ 5 ದಿನ ಆ್ಯಂಟಿಬಯಾಟಿಕ್, ಜೊತೆಗೆ ಸಾಲ್ಬುಟಮಾಲ್ ನೆಬ್ಯುಲೈಸ್ ಮಾಡಿ ಬೆನ್ನು ತಟ್ಟಿದ್ರೆ ಎಷ್ಟೋ ಸಲ ಕೆಮ್ಮಲ್ಲೇ ಹೊರಗೆ ಬರುತ್ತಲ್ವಾ? ಇನ್ನೊಂದು, ಸಿಕ್ಕಿಹಾಕ್ಕೊಳೋದು ಯಾವಾಗ್ಲೂ ಬಲಗಡೆ. ಬಲಗಡೆ ಕವಲು ನೆಟ್ಟಗೆ, ಅಗಲ ಇರುತ್ತೆ. ಇಲ್ಲಿ ಎಡಗಡೆ ಅಂತಿದಾರೆ, ಅದು ಕಫ ಇರಬಹುದು.

ಇಎನ್‌ಟಿ ಪಿಜಿ

ಬಲಗಡೆ ಜಾಸ್ತಿ ಅನ್ನೋದು ನಿಜ, ಯಾವಾಗ್ಲೂ ಅನ್ನೋದು ನಿಜ ಅಲ್ಲ. ದೊಡ್ಡವರಲ್ಲಿ ಬಲ ಕವಲು ಎದ್ದು ಕಾಣುವಷ್ಟು ನೆಟ್ಟಗಿರುತ್ತೆ. ಸಣ್ಣ ಮಕ್ಕಳಲ್ಲಿ ಎರಡರ ಓರೆಯಲ್ಲಿ ಅಷ್ಟು ವ್ಯತ್ಯಾಸ ಇಲ್ಲ, ಹಾಗಾಗಿ ಎಡಗಡೆ ಸಿಗೋದೂ ಮಾಮೂಲು.

ಬೆನ್ನು ತಟ್ಟಿ ಸಡಿಲಿಸೋ ಸಲಹೆ ಮಾತ್ರ ದಯವಿಟ್ಟು ಯಾರಿಗೂ ಕೊಡಬೇಡಿ ಸರ್. ಒಂದು ಕವಲಲ್ಲಿ ಕೂತ ಬೀಜ ಒಂದು ಶ್ವಾಸಕೋಶವನ್ನು ಮಾತ್ರ ತಡೀತಿದೆ. ತಟ್ಟಿದಾಗ ಅದು ಸಡಿಲವಾಗಿ ಮೇಲೆ ಚಿಮ್ಮಿದ್ರೆ ಧ್ವನಿಪೆಟ್ಟಿಗೆಯ ಕೆಳಗಿನ ಇಕ್ಕಟ್ಟಿನಲ್ಲಿ ಸಿಗುತ್ತೆ. ಮಕ್ಕಳ ಉಸಿರಿನ ದಾರೀಲಿ ಅತಿ ಕಿರಿದಾದ ಜಾಗಗಳಲ್ಲಿ ಅದೂ ಒಂದು. ಅಲ್ಲಿ ಮುಚ್ಚಿದ್ರೆ ಎರಡೂ ಶ್ವಾಸಕೋಶಕ್ಕೆ ಗಾಳಿ ಇಲ್ಲ. ಎರಡು ದಿನ ಆಗಿ ಊದಿದ ಬೀಜ ಒಳಗೆ ಹೋದಷ್ಟು ಸುಲಭವಾಗಿ ಹೊರಗೆ ಬರಲ್ಲ.

ಆ್ಯಂಟಿಬಯಾಟಿಕ್ ತಪ್ಪಲ್ಲ, ಜ್ವರ, ಕೀವು ಇದ್ರೆ ನಾವೂ ಕೊಡ್ತೀವಿ. ಅದರಿಂದ ಜ್ವರ ಇಳಿದಾಗ ಗುಣ ಆಯ್ತು ಅನ್ಸುತ್ತೆ, ನಿಲ್ಲಿಸಿದ ಎರಡು ವಾರಕ್ಕೆ ಅದೇ ಜಾಗದಲ್ಲಿ ಮತ್ತೆ ನ್ಯುಮೋನಿಯಾ. ಕಾರಣ ಒಳಗೇ ಕೂತಿರುತ್ತೆ.

ವೇದಾವತಿ ತೀರ

ಇದು ಅರ್ಥ ಆಯ್ತು. ಆದ್ರೆ ಎಕ್ಸ್‌ರೇಲಿ ಏನೂ ಇಲ್ವಲ್ಲ? ಕೋಟೆ ಅಣ್ಣನ ಮಗಳ ಕಾಯಿನ್ ಕಾಣ್ತು, ಇದ್ಯಾಕೆ ಕಾಣಲ್ಲ?

ಎಕ್ಸ್‌ರೇ ರೂಮ್

ಹದಿನೈದು ವರ್ಷದಿಂದ ರೇಡಿಯಾಗ್ರಫಿ ಕೆಲಸ ನಂದು. ಕಾಯಿನ್ ಲೋಹ, ಕಿರಣ ದಾಟಲ್ಲ, ಬೆಳ್ಳಗೆ ಕಾಣುತ್ತೆ. ಶೇಂಗಾ, ಕಡ್ಲೆ, ಅಡಿಕೆ ಚೂರು, ಹುಣಸೆ ಬೀಜ, ಪ್ಲಾಸ್ಟಿಕ್ ಇವುಗಳ ಮೂಲಕ ಕಿರಣ ದಾಟಿಬಿಡುತ್ತೆ. ಬೀಜ ಫಿಲ್ಮಲ್ಲಿ ಕಾಣೋದೇ ಇಲ್ಲ. ನಾವು ಹುಡುಕೋದು ಅದು ಮಾಡೋ ಪರಿಣಾಮವನ್ನ.

ಅರ್ಧ ಮುಚ್ಚಿದ ಕವಲು ಸೈಕಲ್ ಟ್ಯೂಬಿನ ವಾಲ್ವ್ ಥರ ಕೆಲಸ ಮಾಡುತ್ತೆ. ಉಸಿರು ಎಳೆದಾಗ ನಾಳ ಸ್ವಲ್ಪ ಅಗಲ ಆಗಿ ಬೀಜದ ಪಕ್ಕದಿಂದ ಗಾಳಿ ಒಳಗೆ ಹೋಗುತ್ತೆ, ಬಿಟ್ಟಾಗ ನಾಳ ಕುಗ್ಗಿ ಬೀಜಕ್ಕೆ ಅಂಟಿ ಗಾಳಿ ಒಳಗೇ ಉಳಿಯುತ್ತೆ. ಹಂಗಾಗಿ ಉಸಿರು ಎಳೆದಾಗ ತೆಗೆದ ಫಿಲ್ಮಲ್ಲಿ ಎರಡೂ ಕಡೆ ಒಂದೇ ಥರ. ಉಸಿರು ಬಿಟ್ಟಾಗ ತೆಗೆದ್ರೆ ಒಳ್ಳೇ ಕಡೆ ಕುಗ್ಗಿ ಬೆಳ್ಳಗಾಗುತ್ತೆ, ಸಿಕ್ಕಿಹಾಕ್ಕೊಂಡ ಕಡೆ ಉಬ್ಬಿ ಕಪ್ಪಗೇ ಇರುತ್ತೆ, ಹೃದಯದ ನೆರಳು ಒಳ್ಳೇ ಕಡೆಗೆ ಸರಿದಿರುತ್ತೆ. ಆದ್ರೆ ಒಂದೂಮುಕ್ಕಾಲು ವರ್ಷದ ಮಗೀಗೆ ಉಸಿರು ಬಿಟ್ಟು ಹಿಡ್ಕೋ ಅನ್ನೋಕಾಗುತ್ತಾ? ಅಳೋವಾಗ ಉಸಿರು ಪೂರಾ ಖಾಲಿ ಆಗೋ ಕ್ಷಣ ಕಾದು ಬಟನ್ ಒತ್ತಬೇಕು. ಸಿಗದಿದ್ರೆ ಮಗ್ಗುಲು ಮಲಗಿಸಿ ಒಂದೊಂದು ಕಡೆ ತೆಗೀತೀವಿ. ಕೆಳಗಿರೋ ಶ್ವಾಸಕೋಶ ಮೈಭಾರಕ್ಕೆ ಕುಗ್ಗಬೇಕು, ಕುಗ್ಗದೆ ಉಬ್ಬೇ ಇದ್ರೆ ಅನುಮಾನ ಬಲವಾಗುತ್ತೆ. ಇದ್ಯಾವುದೂ ಸಿಗದೆ, ಎಲ್ಲ ಸರಿಯಾಗಿ ಕಂಡೂ ಒಳಗೆ ಬೀಜ ಇರಬಹುದು. ಮೊದಲ ದಿನದಲ್ಲಂತೂ ಅದು ಅಪರೂಪ ಅಲ್ಲವೇ ಅಲ್ಲ.

ಹರಿಹರ ಮೆಡಿಕಲ್ಸ್

ಹಾಗಾದ್ರೆ ಸಿಟಿ ಸ್ಕ್ಯಾನ್ ಮಾಡಿಸ್ಲಿ. ಅದ್ರಲ್ಲಿ ಕ್ಲಿಯರ್ ಬಂದ್ರೆ ಅನಸ್ತೇಷಿಯಾ ತಪ್ಪುತ್ತೆ.

ಎಕ್ಸ್‌ರೇ ರೂಮ್

ಸಿಟಿ ಒಳ್ಳೇದೇ, ನಾಳದ ಒಳಗಿನ ತಡೆ ಚೆನ್ನಾಗಿ ತೋರಿಸುತ್ತೆ. ಎರಡು ತೊಂದರೆ. ಮಗು ಅಲ್ಲಾಡಿದ್ರೆ ಚಿತ್ರ ಕೆಡುತ್ತೆ, ನಿದ್ದೆ ಔಷಧ ಕೊಡಬೇಕಾಗಬಹುದು, ಉಸಿರಿನ ದಾರಿ ತಡೆದಿರೋ ಮಗೀಗೆ ಸಿಟಿ ರೂಮಲ್ಲಿ ನಿದ್ದೆ ಔಷಧ ಅಂದ್ರೆ ನಮಗೇ ಭಯ. ಇನ್ನೊಂದು, ಗಟ್ಟಿ ಕಫ ಕೂಡ ಬೀಜದ ಥರ ಕಾಣಬಹುದು.

ಅರಿವಳಿಕೆ ವೈದ್ಯೆ (ದಾವಣಗೆರೆ)

ಇದರಲ್ಲಿ ವೈದ್ಯರಲ್ಲೇ ಎರಡು ಅಭಿಪ್ರಾಯ ಇದೆ. ಯಾರೂ ನೋಡಿಲ್ಲ, ಬಾಯಲ್ಲಿ ಏನಿತ್ತೋ ಗೊತ್ತಿಲ್ಲ, ಎದೆ ಶಬ್ದ ಸಮ, ಎಕ್ಸ್‌ರೇ ಸಮ, ಬರೀ ಕೆಮ್ಮು: ಅಂಥ ಮಗುವಿಗೆ ಕಡಿಮೆ ಪ್ರಮಾಣದ ಕಿರಣದ ಸಿಟಿ ಮಾಡಿ, ಸ್ವಚ್ಛ ಇದ್ದರೆ ಬ್ರಾಂಕೋಸ್ಕೋಪಿ ತಪ್ಪಿಸಬಹುದು ಅಂತ ನಾನೂ ಒಪ್ತೀನಿ. ಈ ಮಗುವಿನ ವಿಷಯದಲ್ಲಿ ಕಣ್ಣಾರೆ ಕಂಡ ಘಟನೆ ಇದೆ, ಎಡಗಡೆ ಗಾಳಿ ಕಡಿಮೆ ಇದೆ. ಸಿಟಿಯಲ್ಲಿ ಏನು ಬಂದರೂ ಒಳಗೆ ನೋಡಲೇಬೇಕು ಅನ್ನೋ ಸ್ಥಿತಿ. ನೋಡಿದಾಗ ಏನೂ ಸಿಗದೆ ಬರೋದೂ ಉಂಟು, ಅದನ್ನು ಮೊದಲೇ ಮನೆಯವರಿಗೆ ಹೇಳ್ತೀವಿ. ಬೀಜ ಇಟ್ಟುಕೊಂಡು ಮನೆಗೆ ಹೋಗೋದಕ್ಕಿಂತ ಆ ಅಪಾಯ ಕಡಿಮೆ.

ಅನಸ್ತೇಷಿಯಾ ಯಾಕೆ ಅಂದರೆ, ಒಳಗೆ ಹೋಗೋದು ಲೋಹದ ನೇರ ಕೊಳವೆ, ರಿಜಿಡ್ ಬ್ರಾಂಕೋಸ್ಕೋಪ್. ಈ ವಯಸ್ಸಿಗೆ ಸಾಮಾನ್ಯವಾಗಿ 3.5 ನಂಬರಿನದು, ಹೊರಗಿನ ಅಡ್ಡಳತೆ ಸುಮಾರು 5.7 ಮಿಮೀ. ಅದು ಧ್ವನಿತಂತುಗಳ ನಡುವೆ ಇಳಿಯುವಾಗ ಮಗು ಒಂದು ಸಲ ಕೆಮ್ಮಿದರೂ ಉಸಿರ್ನಾಳ ಹರಿಯಬಹುದು. ಹಾಗಾಗಿ ಪೂರ್ತಿ ನಿದ್ದೆ ಬೇಕು. ಈ ಕೊಳವೆಯ ಗುಣ ಏನಂದರೆ ಪಕ್ಕದಲ್ಲೊಂದು ಬಾಯಿ ಇದೆ, ಅಲ್ಲಿಗೆ ನಮ್ಮ ಆಕ್ಸಿಜನ್ ಸರ್ಕ್ಯೂಟ್ ಜೋಡಿಸ್ತೀವಿ. ನೋಡೋದು, ಹಿಡಿಯೋದು, ಉಸಿರು ಕೊಡೋದು ಮೂರೂ ಒಂದೇ ಕೊಳವೆಯಲ್ಲಿ. ಬಳುಕುವ ಸ್ಕೋಪಿನಲ್ಲಿ ನೋಡಬಹುದು, ಈ ಗಾತ್ರದ ಮಗುವಿಗೆ ಅದರ ಸುತ್ತಲೇ ಉಸಿರಾಡಬೇಕು, ಒಳಗೆ ಹಾಕುವ ಚಿಮಟವೂ ತೀರ ಸಣ್ಣದು.

ಇಎನ್‌ಟಿ ಪಿಜಿ

ಮೇಡಂ ಬಿಟ್ಟಲ್ಲಿಂದ ಮುಂದೆ ಹೇಳ್ತೀನಿ. ಸ್ಕೋಪ್ ಇಳಿಸಿ ಮೊದಲು ಒಳ್ಳೇ ಕಡೆ ನೋಡ್ತಾರೆ, ಅಲ್ಲಿ ಚೂರು ಇದ್ರೆ ತೆಗೆದು, ಆ ಶ್ವಾಸಕೋಶ ನೆಚ್ಚಬಹುದು ಅಂತ ಖಾತ್ರಿ ಮಾಡ್ಕೊಂಡು ಮತ್ತೆ ಕೆಟ್ಟ ಕಡೆಗೆ. ಅಲ್ಲಿ ಸಾಮಾನ್ಯವಾಗಿ ಕಾಣೋದು ದಪ್ಪ ಕಫ. ಅದನ್ನ ಹೀರಿ ತೆಗೆದ ಮೇಲೆ ಹಳದಿ ಅಂಚು ಕಾಣುತ್ತೆ. ಟೆಲಿಸ್ಕೋಪ್ ಜೋಡಿಸಿದ ಶೇಂಗಾ ಫೋರ್ಸೆಪ್ಸ್ ಅಂತಾನೇ ಒಂದು ಚಿಮಟ ಇದೆ. ಅದರ ದವಡೆ ದುಂಡಗೆ, ನಡುವೆ ಖಾಲಿ ಬಿಟ್ಟಿರುತ್ತೆ, ಬೀಜ ನುರಿಯದಿರಲಿ ಅಂತ. ಬಿಗಿಯಾಗಿ ಹಿಡಿದ್ರೆ ಪುಡಿ, ಸಡಿಲ ಹಿಡಿದ್ರೆ ಜಾರುತ್ತೆ.

ಅರ್ಧ ಬೇಳೆ ಕೂಡ ಸ್ಕೋಪಿನ ಒಳತೂತಿಗಿಂತ ದೊಡ್ಡದು. ಅದನ್ನ ಕೊಳವೆಯ ಬಾಯಿಗೆ ಒತ್ತಿಹಿಡಿದು, ಸ್ಕೋಪ್, ಫೋರ್ಸೆಪ್ಸ್, ಬೀಜ ಮೂರನ್ನೂ ಒಟ್ಟಿಗೆ ಹೊರಗೆಳೀತಾರೆ. ಎಲ್ಲಕ್ಕಿಂತ ಅಪಾಯದ ಕ್ಷಣ ಅದೇ. ಧ್ವನಿತಂತುಗಳ ಹತ್ರ ಬೀಜ ಕಿತ್ತು ಉಸಿರ್ನಾಳದಲ್ಲಿ ಬಿದ್ರೆ ಪೂರಾ ಬಂದ್. ಆಗ ಮೇಲೆಳೆಯೋಕೆ ಒದ್ದಾಡಲ್ಲ, ಸ್ಕೋಪಿಂದ ಕೆಳಗೆ ದೂಡಿ ಮತ್ತೆ ಒಂದು ಕವಲಿಗೆ ಕಳಿಸ್ತಾರೆ, ಇನ್ನೊಂದು ಕಡೆ ಆಕ್ಸಿಜನ್ ಕೊಟ್ಟು ಮಗು ಸುಧಾರಿಸಿದ ಮೇಲೆ ಎರಡನೇ ಪ್ರಯತ್ನ. ಬೀಜ ಬಂದ ಮೇಲೂ ಸ್ಕೋಪ್ ಇನ್ನೊಮ್ಮೆ ಇಳಿಸಲೇಬೇಕು. ಸಿಪ್ಪೆ, ಚೂರು ಉಳಿದಿರುತ್ತೆ.

ಮಗು ತಾನೇ ಉಸಿರಾಡ್ತಿರಲಿ ಅನ್ನೋ ತಂಡ ಇದೆ, ಸ್ನಾಯು ಸಡಿಲಿಸಿ ನಾವೇ ಉಸಿರು ಕೊಡೋಣ ಅನ್ನೋ ತಂಡ ಇದೆ. ನಮ್ಮಲ್ಲಿ ಎರಡನೆಯದು.

ಅರಿವಳಿಕೆ ವೈದ್ಯೆ (ದಾವಣಗೆರೆ)

ನಾನು ಬೀಜ ಕಣ್ಣಿಗೆ ಬೀಳುವವರೆಗೆ ಮಗು ತಾನೇ ಉಸಿರಾಡಲಿ ಅನ್ನುವ ಕಡೆ. ಮಾಸ್ಕಿನಿಂದ ಒತ್ತಿ ಗಾಳಿ ಕೊಟ್ಟರೆ ವಾಲ್ವಿನ ಹಿಂದೆ ಇನ್ನಷ್ಟು ಗಾಳಿ ಸೇರುತ್ತೆ ಅನ್ನೋದು ನನ್ನ ಕಾರಣ. ಪಿಜಿ ತಂಡದವರು ಹಿಡಿಯುವ ಹೊತ್ತಿಗೆ ಮಗು ಕೆಮ್ಮಬಾರದು ಅಂತಾರೆ, ಅದೂ ಸರಿಯೇ. ಯಾವ ತಂಡಕ್ಕೆ ಯಾವುದು ಕೈಗೆ ಹತ್ತಿದೆಯೋ ಅದು ನಡೆಯುತ್ತೆ.

ತೀರ ಅವರೇ, ಈಗ ಹೊರಡೋ ವಿಷಯ. ಚಳ್ಳಕೆರೆಯಿಂದ ದುರ್ಗ 30 ಕಿಮೀ ಆಸುಪಾಸು, ಅಲ್ಲಿಂದ ಹೈವೇಯಲ್ಲಿ ದಾವಣಗೆರೆ ಸುಮಾರು 60. ಬೈಕ್ ಬೇಡ, ಬಸ್ ಬೇಡ. 108ಕ್ಕೆ ಫೋನ್ ಮಾಡಿ ಆಕ್ಸಿಜನ್ ಇರುವ ಆ್ಯಂಬುಲೆನ್ಸ್ ಕೇಳಿ. ಹೊರಡುವ ಮೊದಲು ಆ ಆಸ್ಪತ್ರೆಗೆ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿಸಿ: ಮಕ್ಕಳ ಅಳತೆಯ ರಿಜಿಡ್ ಬ್ರಾಂಕೋಸ್ಕೋಪ್ ಇದೆಯಾ, ಅದನ್ನು ಮಾಡುವವರೂ ಮಕ್ಕಳಿಗೆ ಅನಸ್ತೇಷಿಯಾ ಕೊಡುವವರೂ ಇವತ್ತು ಇದಾರಾ. ಬರೆದುಕೊಟ್ಟ ಡಾಕ್ಟರೇ ಮಾತಾಡಿದರೆ ಇನ್ನೂ ಒಳ್ಳೇದು. ಇಲ್ಲ ಅಂದರೆ ಅಲ್ಲಿ ಹೋಗಿ ಮತ್ತೆ ಬೆಂಗಳೂರಿಗೆ ಓಡುವಂತಾಗುತ್ತೆ.

ಈಗಿನಿಂದಲೇ ಬಾಯಿಗೆ ಏನೂ ಬೇಡ. ಊಟ, ಹಸುವಿನ ಹಾಲು ಆಗಿದ್ದರೆ 6 ಗಂಟೆ, ತಾಯಿ ಹಾಲಿಗೆ 4 ಗಂಟೆ, ಬರೀ ನೀರಿಗೆ ಸಾಮಾನ್ಯವಾಗಿ 2 ಗಂಟೆ ಕಾಯ್ತೀವಿ, ಹಾಗಾಗಿ ಕೊನೆಗೆ ಏನು, ಎಷ್ಟು ಹೊತ್ತಿಗೆ ಕೊಟ್ಟಿರಿ ಅಂತ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಉಸಿರು ಕಟ್ಟುತ್ತಿದ್ದರೆ ಹೊಟ್ಟೆ ತುಂಬಿದೆ ಅಂತ ಕಾಯೋದಿಲ್ಲ. ಅಮ್ಮನ ತೊಡೆ ಮೇಲೆ, ಮಗುವಿಗೆ ಹಿತವಾಗುವ ಹಾಗೆ ಕೂರಿಸಿ. ಎಕ್ಸ್‌ರೇ ಫಿಲ್ಮ್, ಆಧಾರ್, ಬಿಪಿಎಲ್ ಕಾರ್ಡ್, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಇದ್ದರೆ ಅದೂ ಜೊತೆಗಿರಲಿ, ಆಯುಷ್ಮಾನ್ ಕೌಂಟರಿನಲ್ಲಿ ಕೇಳ್ತಾರೆ.

ಏಳುಸುತ್ತಿನ ಕೋಟೆ

ಮೇಡಂ, ದಾರೀಲಿ ಬೀಜ ಮೇಲೆ ಬಂದು ಸಿಕ್ಕಿಹಾಕ್ಕೊಂಡ್ರೆ? ತಲೆಕೆಳಗಾಗಿ ಹಿಡಿದು ತಟ್ಟಬೇಕಾ?

ಅರಿವಳಿಕೆ ವೈದ್ಯೆ (ದಾವಣಗೆರೆ)

ಕೆಮ್ಮಲು, ಅಳಲು ಆಗ್ತಿದ್ದರೆ ಏನೂ ಮಾಡಬೇಡಿ, ಕೆಮ್ಮಲಿ. ಬಾಯೊಳಗೆ ಬೆರಳು ಹಾಕಿ ಹುಡುಕಬೇಡಿ. ಕೆಮ್ಮು ಶಬ್ದ ನಿಂತು, ಅಳು ಬಾರದೆ, ಬಣ್ಣ ಕಪ್ಪಾದರೆ ಮಾತ್ರ: ಮಗುವನ್ನು ಮುಂದಕ್ಕೆ ಬಗ್ಗಿಸಿ, ಹೆಗಲ ಮೂಳೆಗಳ ನಡುವೆ ಅಂಗೈ ಬುಡದಿಂದ 5 ಸಲ ಗಟ್ಟಿಯಾಗಿ ಹೊಡೆಯಿರಿ. ಹೋಗದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳಕ್ಕೂ ಎದೆಗೂಡಿನ ತುದಿಗೂ ನಡುವೆ ಮುಷ್ಟಿ ಇಟ್ಟು 5 ಸಲ ಒಳಕ್ಕೆ ಮೇಲಕ್ಕೆ ಒತ್ತಿ. ಇವೆರಡನ್ನೂ ಬದಲಿಸುತ್ತಾ ಮಾಡಿ. ವರ್ಷ ತುಂಬದ ಕೂಸಿಗೆ ಹೊಟ್ಟೆ ಒತ್ತುವಂತಿಲ್ಲ, ಎದೆ ಮೂಳೆಯ ಮೇಲೆ ಒತ್ತಬೇಕು. ಪ್ರಜ್ಞೆ ತಪ್ಪಿದರೆ ಸಿಪಿಆರ್. ತಲೆಕೆಳಗೆ ನೇತುಹಾಕೋದು ಬೇಡ.

ವೇದಾವತಿ ತೀರ (ಗುರುವಾರ)

ಎಲ್ಲರಿಗೂ ಕೈಮುಗಿತೀನಿ. ಮಂಗಳವಾರ ರಾತ್ರೀನೇ ಆಯ್ತು. ಎಡಗಡೆ ದೊಡ್ಡ ಕವಲಲ್ಲಿ ಅರ್ಧ ಶೇಂಗಾ ಬೇಳೆ, ಜೊತೆಗೆ ಒಂದು ಚೂರು, ಕೆಂಪು ಸಿಪ್ಪೆ. ಸುತ್ತ ಬಾವು ಇತ್ತಂತೆ, ಕಫ ತುಂಬಿತ್ತು. ಎರಡನೇ ಸಲ ಸ್ಕೋಪ್ ಹಾಕಿದಾಗಲೇ ಆ ಚೂರು ಸಿಕ್ಕಿದ್ದು. ಬೇಳೆಯನ್ನ ಸಣ್ಣ ಬಾಟಲಲ್ಲಿ ಹಾಕಿ ತೋರಿಸಿದ್ರು, ಊದಿ ಬೆಳ್ಳಗಾಗಿತ್ತು. ಹೊರಗೆ ಬಂದಾಗ ಉಸಿರು ಎಳೆಯೋವಾಗ ಗೊರ್ ಅಂತಿತ್ತು, ಆ್ಯಡ್ರಿನಲಿನ್ ನೆಬ್ಯುಲೈಸ್, ಡೆಕ್ಸಾಮೆಥಾಸೋನ್ ಇಂಜೆಕ್ಷನ್ ಕೊಟ್ರು. ರಾತ್ರಿ ಪೂರಾ ಐಸಿಯುನಲ್ಲಿ ನೋಡ್ಕೊಂಡು ಬೆಳಗ್ಗೆ ಎಕ್ಸ್‌ರೇ ತೆಗೆದ್ರು. ಇವತ್ತು ದನಿ ಒಡೆದಂಗಿದೆ, ಕೆಮ್ಮು ಇನ್ನೂ ಸ್ವಲ್ಪ ಇದೆ. ಇದು ಎಷ್ಟು ದಿನ?

ಅರಿವಳಿಕೆ ವೈದ್ಯೆ (ದಾವಣಗೆರೆ)

ಎರಡೂ ದಿನದಿಂದ ದಿನಕ್ಕೆ ಇಳಿಯಬೇಕು. ದನಿ ಒಂದೆರಡು ದಿನದಲ್ಲಿ ಬರುತ್ತೆ, ಬಾತ ಒಳಪದರ ಮಾಯುವವರೆಗೆ ಕೆಮ್ಮು ಸ್ವಲ್ಪ ಹೆಚ್ಚು ದಿನ ಇರಬಹುದು. ಜ್ವರ ಬಂದರೆ, ಉಸಿರಾಡುವಾಗ ಪಕ್ಕೆ ಒಳಗೆ ಹೋದರೆ, ಕೆಮ್ಮು ಇಳಿಯುವ ಬದಲು ಏರಿದರೆ ವಾಪಸ್ ಬನ್ನಿ, ಚೂರು ಉಳಿದಿದೆಯಾ ಅಂತ ಮತ್ತೆ ನೋಡಬೇಕಾಗುತ್ತೆ. ಮನೆಯಲ್ಲಿ ಇಡೀ ಶೇಂಗಾ, ಹುರಿಗಡಲೆ, ಖಾರ ಮಂಡಕ್ಕಿಯೊಳಗಿನ ಬೀಜ ನಾಲ್ಕೈದು ವರ್ಷದವರೆಗೆ ಬೇಡ. ಅರೆಯುವ ಹಿಂದಿನ ಹಲ್ಲು ಪೂರಾ ಬಂದಿರಲ್ಲ, ಮುಂದಿನ ಹಲ್ಲಲ್ಲಿ ಕಚ್ಚಿ ಎರಡು ಮಾಡಿ ಹಾಗೇ ಇಟ್ಟುಕೊಂಡು ಓಡ್ತವೆ. ಶೇಂಗಾ ಚಟ್ನಿಪುಡಿ ಅನ್ನಕ್ಕೆ ಕಲಸಿ ಕೊಡಿ, ಶೇಂಗಾ ತಪ್ಪಿಸಬೇಕಿಲ್ಲ.

ಶಾಂತಿಸಾಗರ (ಚನ್ನಗಿರಿ)

ಇದನ್ನ ಓದಿ ಎದೆ ಹೊಡ್ಕೊಳ್ತಿದೆ. ನನ್ನ ಮಗಳಿಗೆ 3 ವರ್ಷ. ಆರು ತಿಂಗಳಲ್ಲಿ ಮೂರು ಸಲ ನ್ಯುಮೋನಿಯಾ. ಆಸ್ತಮಾ ಅಂತ ಪಫ್ ಕೊಡ್ತಿದೀವಿ. ಏನೂ ಸಿಕ್ಕಿಹಾಕ್ಕೊಂಡಿದ್ದು ನಾವ್ಯಾರೂ ನೋಡಿಲ್ಲ. ಇವಳಿಗೂ ಇರಬಹುದಾ?

ಇಎನ್‌ಟಿ ಪಿಜಿ

ಇರಬಹುದು, ಇಲ್ಲದೆಯೂ ಇರಬಹುದು ಅಕ್ಕ. ಮೂರೂ ಸಲ ಒಂದೇ ಜಾಗದಲ್ಲಿ ಬಂದಿದ್ರೆ ಅನುಮಾನ ಪಡಬೇಕು. ಬೇರೆ ಬೇರೆ ಜಾಗದಲ್ಲಿ ಬಂದಿದ್ರೆ ಬೇರೆ ಕಾರಣ ಹುಡುಕಬೇಕು. ಒಂದೇ ಜಾಗ ಅಂದ್ರೂ ಟಿಬಿ ಗಂಟು ಹೊರಗಿಂದ ಒತ್ತಿರಬಹುದು, ಹುಟ್ಟಿನಿಂದ ನಾಳ ಕಿರಿದಾಗಿರಬಹುದು. ನಾನಾದ್ರೆ ಇಂಥ ಮಗೀಗೆ ಸಿಟಿ ಮಾಡಿ, ಆಮೇಲೆ ಬಳುಕುವ ಸ್ಕೋಪಲ್ಲಿ ನೋಡಿ, ಸಿಕ್ಕರೆ ರಿಜಿಡ್.

ಅರಿವಳಿಕೆ ವೈದ್ಯೆ (ದಾವಣಗೆರೆ)

ನಾನಾದರೆ ಎರಡೂ ಸ್ಕೋಪ್ ಒಂದೇ ಅನಸ್ತೇಷಿಯಾದಲ್ಲಿ ಸಿದ್ಧ ಇಟ್ಟುಕೊಂಡು ನೋಡಿ ಅಂತೀನಿ, ಎರಡು ಸಲ ಮಲಗಿಸೋದು ತಪ್ಪುತ್ತೆ. ಸಾಗರ ಅವರೇ, ಅದನ್ನು ನೋಡುವ ಡಾಕ್ಟರು ತೀರ್ಮಾನಿಸ್ತಾರೆ. ಪಫ್ ನೀವಾಗಿ ನಿಲ್ಲಿಸಬೇಡಿ. ನಿಮ್ಮ ಕೈಲಿರೋದು ಮೂರೂ ಸಲದ ಫಿಲ್ಮ್‌ಗಳು. ರಿಪೋರ್ಟ್ ಕಾಗದ ಸಾಲದು, ಫಿಲ್ಮ್‌ಗಳೇ ಬೇಕು. ಹುಡುಕಿ, ತಾರೀಕಿನ ಪ್ರಕಾರ ಜೋಡಿಸಿ ಈ ವಾರವೇ ಮಕ್ಕಳ ಡಾಕ್ಟರಿಗೆ ತೋರಿಸಿ.

ಶಾಂತಿಸಾಗರ (ಚನ್ನಗಿರಿ)

ಎರಡು ಮನೇಲಿದೆ. ಒಂದನ್ನ ಶಿವಮೊಗ್ಗದಲ್ಲಿ ತೆಗೆಸಿದ್ದು, ನಾಳೆ ಹೋಗಿ ಕೇಳ್ತೀನಿ.